ಅಂಚಿನ ಅಡಚಣೆ ಕತ್ತರಿಸಿದ ಮೇಲೆ ಉಳಿದ ಚಿತ್ರ 12×18 ಮುದ್ರಣಕ್ಕೆ ಸಾಲುತ್ತದೆಯೇ?

ಪ್ರಶ್ನೆ: ಹವ್ಯಾಸಿ ಛಾಯಾಗ್ರಾಹಕ, ಬ್ರಹ್ಮಾವರ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಬಯಲಾಟದಲ್ಲಿ ತೆಗೆದ ವೇಷವೊಂದರ ಚಿತ್ರವನ್ನು 12×18 ಇಂಚಿಗೆ ಮುದ್ರಿಸಿ, ಗಾಜಿನ ಫ್ರೇಮ್ ಹಾಕಿಸಿ, ಆ ಕಲಾವಿದರ ಸನ್ಮಾನದ ದಿನ ಕೊಡಬೇಕೆಂದಿದ್ದೇನೆ. ಮೂಲ ಫೈಲು 6000×4000 ಪಿಕ್ಸೆಲ್ ಇದೆ. ರಂಗಸ್ಥಳ ಎರಡು ಡಿಗ್ರಿಯಷ್ಟು ವಾಲಿದ್ದರಿಂದ ನೆಟ್ಟಗೆ ಮಾಡಿದೆ. ಆಮೇಲೆ ಎಡಗಡೆಯ ಸ್ಪೀಕರ್ ಪೆಟ್ಟಿಗೆಯನ್ನೂ ಕೆಳಗೆ ಮುಂದಿನ ಸಾಲಿನವರು ಎತ್ತಿ ಹಿಡಿದಿದ್ದ ಮೊಬೈಲುಗಳನ್ನೂ ಕತ್ತರಿಸಿದೆ. ಈಗ 5100×3450 ಉಳಿದಿದೆ. ಫೈಲಿನ ವಿವರದಲ್ಲಿ 72 dpi ಎಂದು ತೋರಿಸುತ್ತದೆ, ಲ್ಯಾಬಿನವರು 300 ಬೇಕೆನ್ನುತ್ತಾರೆ. ಇದು ಸಾಲುತ್ತದೆಯೇ? ಇದನ್ನೇ 20×30 ಮಾಡಿಸಿ ಸಭಾಭವನದ ಗೋಡೆಗೂ ಹಾಕಬಹುದೇ?

ಸದಸ್ಯ, ಕುಂದಾಪುರ

ಇದಕ್ಕೆ ಇಷ್ಟು ಯೋಚಿಸಬೇಕಾಗಿಲ್ಲ ಸರ್. ಫೋಟೋಶಾಪಿನಲ್ಲಿ Image Size ತೆರೆದು, Resolution ಎಂಬಲ್ಲಿ 72 ಅಳಿಸಿ 300 ಎಂದು ಹಾಕಿ ಸೇವ್ ಮಾಡಿದರಾಯಿತು. ನಾನು ಯಾವಾಗಲೂ ಹಾಗೆಯೇ ಮಾಡಿ ಕೊಡುತ್ತೇನೆ, ಲ್ಯಾಬಿನವರು ಈವರೆಗೆ ಒಮ್ಮೆಯೂ ಹಿಂದಕ್ಕೆ ಕಳಿಸಿಲ್ಲ.

ಮುದ್ರಣ ಲ್ಯಾಬ್ ನಡೆಸುವವರು, ಉಡುಪಿ

12×18ಕ್ಕೆ ಖಂಡಿತ ಸಾಲುತ್ತದೆ. ಸಭಾಭವನದ ಮುದ್ರಣಕ್ಕೂ ಬಹುಮಟ್ಟಿಗೆ ಸಾಲುತ್ತದೆ, ಆದರೆ ಅದಕ್ಕೆ ಮೊದಲು ಒಂದು ಪರೀಕ್ಷೆ ಬೇಕು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು 72ರ ವಿಷಯ. ಅದು ಚಿತ್ರದ ಗುಣಮಟ್ಟವನ್ನು ಹೇಳುವ ಅಂಕಿಯೇ ಅಲ್ಲ. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಕೂರಿಸಬೇಕೆಂದು ಕ್ಯಾಮೆರಾ ತನ್ನಷ್ಟಕ್ಕೆ ಬರೆದಿಟ್ಟ ಒಂದು ಸೂಚನೆ ಅದು. ಕೆಲವು ಕಂಪನಿಯ ಕ್ಯಾಮೆರಾಗಳು 72 ಎಂದು ಬರೆದರೆ ಮತ್ತೆ ಕೆಲವು 300 ಎಂದೋ 350 ಎಂದೋ ಬರೆಯುತ್ತವೆ. ಮೂರರಲ್ಲೂ ಪಿಕ್ಸೆಲ್ ಸಂಖ್ಯೆ ಒಂದೇ ಆಗಿದ್ದರೆ ಕಾಗದದ ಮೇಲೆ ಆ ಅಂಕಿಯಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ. ನೀವು ನೋಡಬೇಕಾದದ್ದು ಎರಡೇ ಸಂಗತಿ: ಕತ್ತರಿಸಿದ ಮೇಲೆ ಉಳಿದ ಪಿಕ್ಸೆಲ್ ಎಷ್ಟು, ಅದನ್ನು ಎಷ್ಟು ಇಂಚಿನ ಮೇಲೆ ಹರಡುತ್ತೀರಿ.

ಆ ಲೆಕ್ಕ ಹಾಕುವ ಮುನ್ನ ಕಾಗದದ ಅನುಪಾತಕ್ಕೆ ಚಿತ್ರವನ್ನು ತರಬೇಕು. ಬಹಳ ಜನ ಇಲ್ಲಿಯೇ ಎಡವುತ್ತಾರೆ. 12×18 ಎಂದರೆ ಎರಡಕ್ಕೆ ಮೂರು. ನಿಮ್ಮ 5100×3450 ಆ ಅನುಪಾತಕ್ಕೆ ಸರಿಯಾಗಿ ಕೂರುವುದಿಲ್ಲ, ಎತ್ತರದಲ್ಲಿ 50 ಪಿಕ್ಸೆಲ್ ಹೆಚ್ಚಾಗಿದೆ. ಹಾಗೆಯೇ ಕೊಟ್ಟರೆ ಲ್ಯಾಬಿನ ಯಂತ್ರ ಆ 50 ಪಿಕ್ಸೆಲನ್ನು ಮೇಲೆ 25, ಕೆಳಗೆ 25 ಎಂದು ತಾನೇ ಕತ್ತರಿಸಿಬಿಡುತ್ತದೆ. ಅದನ್ನು ಯಂತ್ರಕ್ಕೆ ಬಿಡದೆ ನೀವೇ ಎಲ್ಲಿಂದ ಬೇಕೋ ಅಲ್ಲಿಂದ ತೆಗೆದು 5100×3400 ಮಾಡಿಕೊಳ್ಳಿ. ಈಗ 5100ನ್ನು 18ರಿಂದ ಭಾಗಿಸಿದರೆ 283, 3400ನ್ನು 12ರಿಂದ ಭಾಗಿಸಿದರೂ 283 ಬರುತ್ತದೆ. ಎರಡು ಉತ್ತರಗಳೂ ಒಂದೇ ಬಂದವು ಎಂದರೆ ಅನುಪಾತ ಸರಿಯಾಗಿದೆ ಎಂದರ್ಥ. ಬೇರೆ ಬೇರೆ ಬಂದರೆ ಅವುಗಳಲ್ಲಿ ಚಿಕ್ಕದನ್ನೇ ನಂಬಬೇಕು. ಚಿತ್ರ ಕಾಗದವನ್ನು ಪೂರ್ತಿ ತುಂಬಬೇಕಾದರೆ ಆ ಬದಿಗೆ ತಕ್ಕಂತೆಯೇ ಹಿಗ್ಗಬೇಕಾಗುತ್ತದೆ, ಇನ್ನೊಂದು ಬದಿಯಲ್ಲಿ ಹೆಚ್ಚಾದದ್ದು ಕತ್ತರಿಗೆ ಹೋಗುತ್ತದೆ.

ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಇಂಚಿಗೆ 300 ಎನ್ನುವ ವಾಡಿಕೆಯಿದೆ. 283ಕ್ಕೂ 300ಕ್ಕೂ ಇರುವ ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಯಾರೂ ಗುರುತಿಸಲಾರರು. ಸಾಮಾನ್ಯ ದೃಷ್ಟಿಯುಳ್ಳವರು ಒಂದು ಅಡಿ ದೂರದಿಂದ ನೋಡಿದಾಗ ಕಣ್ಣು ಬಿಡಿಸಿ ನೋಡಬಲ್ಲ ಮಿತಿ ಇಂಚಿಗೆ ಸುಮಾರು 286ರ ಆಸುಪಾಸಿನಲ್ಲಿದೆ, ದೂರ ಎರಡರಷ್ಟಾದರೆ ಅಗತ್ಯ ಅರ್ಧಕ್ಕೆ ಇಳಿಯುತ್ತದೆ. 20×30ಕ್ಕೆ ನಿಮ್ಮ ಲೆಕ್ಕ 170 ಬರುತ್ತದೆ. ಗೋಡೆಯ ಮೇಲಿನ ಚಿತ್ರವನ್ನು ಮೂರು ಅಡಿಯ ಆಚೆಯಿಂದ ನೋಡುವವರಿಗೆ 100 ಇದ್ದರೂ ನಡೆದುಹೋಗುತ್ತದೆ. ಆದರೆ ಸಭಾಭವನದಲ್ಲಿ ಜನ ಹತ್ತಿರ ಹೋಗಿ ಮುಖವರ್ಣಿಕೆ ನೋಡಿಯೇ ನೋಡುತ್ತಾರೆ, ಆದ್ದರಿಂದ 150ಕ್ಕಿಂತ ಕೆಳಗಿಳಿಯಲು ನಾನು ಒಪ್ಪುವುದಿಲ್ಲ.

ಇನ್ನು ಕುಂದಾಪುರದ ಸದಸ್ಯರು ಹೇಳಿದ ದಾರಿಯ ಬಗ್ಗೆ. ಅದೇ ಕಿಟಕಿಯಲ್ಲಿ Resample ಎಂಬ ಚಿಕ್ಕ ಚೌಕವಿದೆ, ಎಲ್ಲವೂ ಅದರ ಮೇಲೆ ನಿಂತಿದೆ. ಅದರಲ್ಲಿ ಗುರುತು ಇದ್ದಾಗ 300 ಎಂದು ಹಾಕಿದರೆ ಫೋಟೋಶಾಪ್ ಇಲ್ಲದ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದ ಬಣ್ಣ ನೋಡಿ ಹುಟ್ಟಿಸುತ್ತದೆ. ನಿಮ್ಮ ಫೈಲಿನಲ್ಲಿ 72ನ್ನು 300 ಮಾಡಿದರೆ 5100 ಪಿಕ್ಸೆಲ್ ಅಗಲ 21,250 ಆಗುತ್ತದೆ, ಫೈಲು ಊದಿಕೊಳ್ಳುತ್ತದೆ, ವಿವರ ಒಂದಿಷ್ಟೂ ಹೆಚ್ಚುವುದಿಲ್ಲ. ಗುರುತು ತೆಗೆದು 300 ಹಾಕಿದರೆ ಪಿಕ್ಸೆಲ್ ಬದಲಾಗುವುದಿಲ್ಲ, ಸೂಚನೆಯಷ್ಟೇ ಬದಲಾಗುತ್ತದೆ. ಲ್ಯಾಬಿನವರು ಹಿಂದಕ್ಕೆ ಕಳಿಸಲಿಲ್ಲ ಎಂದರೆ ಮೂಲ ಚಿತ್ರದಲ್ಲಿಯೇ ಸಾಕಷ್ಟು ಪಿಕ್ಸೆಲ್ ಇದ್ದಿರಬಹುದು, ಅಷ್ಟೇ. ಪರೀಕ್ಷಿಸುವ ನೇರ ದಾರಿ ಹೀಗಿದೆ: Resample ಗುರುತನ್ನು ತೆಗೆದು, Width ಎಂಬಲ್ಲಿ 18 ಇಂಚು ಎಂದು ಬರೆಯಿರಿ. Resolution ಎಂಬಲ್ಲಿ ತಾನಾಗಿ ಬರುವ ಅಂಕಿಯೇ ನಿಜವಾದ ಉತ್ತರ. ಗಿಂಪ್ ಬಳಸುವವರಿಗೆ Image ಪಟ್ಟಿಯೊಳಗಿನ Print Size ಇದೇ ಕೆಲಸ ಮಾಡುತ್ತದೆ.

ಸದಸ್ಯ, ಕುಂದಾಪುರ

ಒಪ್ಪಿದೆ ಸರ್, Resample ಕಡೆ ನಾನು ಗಮನ ಕೊಟ್ಟಿರಲಿಲ್ಲ. ಆದರೆ ನಾನು ಕ್ರಾಪ್ ಮಾಡುವಾಗಲೇ ಮೇಲಿನ ಪಟ್ಟಿಯಲ್ಲಿ 18 in, 12 in, 300 ಎಂದು ತುಂಬಿಸಿಕೊಂಡು ಕತ್ತರಿಸುತ್ತೇನೆ. ಆಗ ಅನುಪಾತವೂ ಸರಿಯಾಗುತ್ತದೆ, 300 ಕೂಡ ಬರುತ್ತದೆ. ಅದರಲ್ಲೇನು ತಪ್ಪು?

ಮುದ್ರಣ ಲ್ಯಾಬ್ ನಡೆಸುವವರು, ಉಡುಪಿ

ಅನುಪಾತದ ಮಟ್ಟಿಗೆ ಅದು ಒಳ್ಳೆಯ ಅಭ್ಯಾಸವೇ. ಅಪಾಯವಿರುವುದು ಮೂರನೆಯ ಖಾನೆಯಲ್ಲಿ. ಅಲ್ಲಿ 300 ಎಂದು ತುಂಬಿದ್ದರೆ ನೀವು ಚಿತ್ರದ ಎಷ್ಟೇ ಸಣ್ಣ ಭಾಗವನ್ನು ಕತ್ತರಿಸಿದರೂ ಫೋಟೋಶಾಪ್ ಅದನ್ನು 5400×3600ಕ್ಕೆ ಹಿಗ್ಗಿಸಿ ಕೊಡುತ್ತದೆ, ಒಂದು ಎಚ್ಚರಿಕೆಯ ಮಾತನ್ನೂ ಹೇಳುವುದಿಲ್ಲ. ವೇಷದ ಮುಖ ಮತ್ತು ಕಿರೀಟವಷ್ಟೇ ಬರುವಂತೆ 1200×800 ಪಿಕ್ಸೆಲ್ ಭಾಗವನ್ನು ಆರಿಸಿದಿರಿ ಎಂದುಕೊಳ್ಳಿ. ನಿಜಕ್ಕೂ ಅದರಲ್ಲಿರುವುದು ಇಂಚಿಗೆ 67 ಪಿಕ್ಸೆಲ್ ಮಾತ್ರ. ಆದರೆ ಫೈಲು ತೆರೆದು ನೋಡಿದರೆ 18 ಇಂಚು, 300 ಎಂದೇ ಇರುತ್ತದೆ. ನಮ್ಮ ಕೌಂಟರಿನಲ್ಲಿ ಕುಳಿತ ಹುಡುಗನಿಗೂ ಆ ಫೈಲಿನ ಅಂಕಿಗಳಿಂದ ಏನೂ ತಿಳಿಯುವುದಿಲ್ಲ. ಮುದ್ರಣ ಹೊರಬಂದ ಮೇಲೆ ರೆಪ್ಪೆಯ ಕೂದಲು, ಕಿರೀಟದ ಮಿಣಿ, ಮಣಿಸರದ ಅಂಚು ಎಲ್ಲವೂ ಮೇಣ ಬಳಿದಂತೆ ಕಾಣುವಾಗಲೇ ಗೊತ್ತಾಗುವುದು. ಆದ್ದರಿಂದ ಆ ಪಟ್ಟಿಯಲ್ಲಿ Ratio ಆರಿಸಿ 3 ಮತ್ತು 2 ಎಂದಷ್ಟೇ ಹಾಕಿ ಕತ್ತರಿಸಿ, ರೆಸಲ್ಯೂಶನ್ನನ್ನು ಆಮೇಲೆ ಪರೀಕ್ಷಿಸಿ. ಜೊತೆಗೆ Delete Cropped Pixels ಎಂಬುದರ ಗುರುತನ್ನು ತೆಗೆದಿಟ್ಟು ಪಿಎಸ್‌ಡಿಯಾಗಿ ಉಳಿಸಿಕೊಂಡರೆ ನಾಳೆ ಬೇರೆ ಅಳತೆಗೆ ಬೇಕಾದಾಗ ಕತ್ತರಿಸಿದ ಅಂಚು ಮರಳಿ ಸಿಗುತ್ತದೆ.

ಸದಸ್ಯೆ, ಶಿರಸಿ

ನನ್ನದೂ ಹೀಗೆಯೇ ಅಂಚಿನ ಸಮಸ್ಯೆ. ನಮ್ಮ ಅಜ್ಜನ ಹಳೆಯ ಸ್ಟುಡಿಯೋ ಫೋಟೋ ಒಂದಿದೆ, ಅಂಗೈಯಗಲ ಇದೆ. ಅದರ ಸುತ್ತ ಹಳದಿಯಾದ ಅಂಚು, ಮೂಲೆಯಲ್ಲಿ ಗೆದ್ದಲು ತಿಂದ ಗುರುತು. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಅಂಚು ಕತ್ತರಿಸಿ, 8×10 ಮಾಡಿಸಬೇಕೆಂದಿದ್ದೇನೆ. ನನ್ನ ಮೊಬೈಲು 50 ಮೆಗಾಪಿಕ್ಸೆಲ್‌ನದು, ಹಾಗಾದರೆ ಲೆಕ್ಕದ ಪ್ರಕಾರ ಬೇಕಾದ್ದಕ್ಕಿಂತ ಹೆಚ್ಚೇ ಆಯಿತಲ್ಲವೇ?

ಮುದ್ರಣ ಲ್ಯಾಬ್ ನಡೆಸುವವರು, ಉಡುಪಿ

ಮೇಡಂ, ನಿಮ್ಮ ಪ್ರಶ್ನೆ ಸ್ವಲ್ಪ ಬೇರೆಯದು, ಚಿಕ್ಕದಾಗಿ ಉತ್ತರಿಸುತ್ತೇನೆ. ಕಾಗದದ ಮೇಲಿನ ಹಳೆಯ ಚಿತ್ರದಲ್ಲಿ ಎಷ್ಟು ವಿವರವಿದೆಯೋ ಅಷ್ಟೇ ಸಿಗುತ್ತದೆ, ಮೊಬೈಲಿನ ಮೆಗಾಪಿಕ್ಸೆಲ್ ಅದನ್ನು ಹೆಚ್ಚಿಸಲಾರದು. ಮೊಬೈಲಿಗಿಂತ ಸಮತಟ್ಟಾದ ಸ್ಕ್ಯಾನರಿನಲ್ಲಿ 600ಕ್ಕೆ ಸ್ಕ್ಯಾನ್ ಮಾಡಿಸಿ. ಅಂಚು ಹೋಗಿ 3×4 ಇಂಚಿನಷ್ಟು ಒಳ್ಳೆಯ ಭಾಗ ಉಳಿದರೆ 1800×2400 ಪಿಕ್ಸೆಲ್ ಆಗುತ್ತದೆ. 8×10ಕ್ಕೆ ಅದು ಇಂಚಿಗೆ 225 ಆಯಿತು, ಸಾಕು. ಎತ್ತರದಲ್ಲಿ ಅಷ್ಟಿಷ್ಟು ಹೆಚ್ಚಾಗುತ್ತದೆ, ಆ ಹೆಚ್ಚಳವನ್ನು ಗೆದ್ದಲು ತಿಂದ ಮೂಲೆಯ ಕಡೆಯಿಂದ ತೆಗೆಯಿರಿ.

ಪ್ರಶ್ನೆ ಕೇಳಿದವರು, ಬ್ರಹ್ಮಾವರ

ತುಂಬ ಉಪಕಾರವಾಯಿತು ಸರ್. ಇನ್ನೆರಡು ಸಂದೇಹಗಳಿವೆ. ಕೆಳಗಡೆ ಒಂದೇ ಒಂದು ಮೊಬೈಲು ಮಾತ್ರ 350 ಪಿಕ್ಸೆಲ್ ಎತ್ತರಕ್ಕೆ ಬಂದಿದೆ, ಉಳಿದವು 150ರ ಒಳಗಿವೆ. ಆ ಒಂದನ್ನು ಕ್ಲೋನ್ ಮಾಡಿ ಅಳಿಸಿದರೆ ಕೆಳಗಿನಿಂದ ಅಷ್ಟು ಕತ್ತರಿಸಬೇಕಾಗಿಲ್ಲ, 200 ಪಿಕ್ಸೆಲ್ ಉಳಿಯುತ್ತದೆ. ಹಾಗೆ ಮಾಡಲೇ? ಎರಡನೆಯದು, ಕಿರೀಟದ ತುದಿಯಿಂದ ಮೇಲಿನ ಅಂಚಿಗೆ ಈಗ 90 ಪಿಕ್ಸೆಲ್ ಜಾಗ ಮಾತ್ರ ಇದೆ. ನೆಟ್ಟಗೆ ಮಾಡುವಾಗ ಮೇಲಿನ ಜಾಗ ಹೋಯಿತು.

ಮುದ್ರಣ ಲ್ಯಾಬ್ ನಡೆಸುವವರು, ಉಡುಪಿ

ಮೊದಲನೆಯದಕ್ಕೆ ಉತ್ತರ ಲೆಕ್ಕದಲ್ಲಿಯೇ ಇದೆ. ನಿಮ್ಮ ಅಗಲ ಸ್ಪೀಕರ್ ಪೆಟ್ಟಿಗೆಯ ದೆಸೆಯಿಂದ 5100ಕ್ಕೆ ನಿಂತುಬಿಟ್ಟಿದೆ. ಎರಡಕ್ಕೆ ಮೂರರ ಕಾಗದದಲ್ಲಿ 5100 ಅಗಲಕ್ಕೆ 3400 ಎತ್ತರ ಮಾತ್ರ ಕೂರುತ್ತದೆ. ಕೆಳಗೆ 200 ಪಿಕ್ಸೆಲ್ ಉಳಿಸಿ ಎತ್ತರವನ್ನು 3650 ಮಾಡಿಕೊಂಡರೂ ಅದರಲ್ಲಿ 250ನ್ನು ಮತ್ತೆ ಕತ್ತರಿಸಲೇಬೇಕು, ಇಂಚಿಗೆ ಬರುವ ಪಿಕ್ಸೆಲ್ 283ಕ್ಕಿಂತ ಒಂದೂ ಹೆಚ್ಚುವುದಿಲ್ಲ. ಆದ್ದರಿಂದ ಈ ಅಳತೆಗೆ ಆ ಮೊಬೈಲನ್ನು ಅಳಿಸುವ ಶ್ರಮ ವ್ಯರ್ಥ. ಇದೇ ಚಿತ್ರವನ್ನು 16×20ಕ್ಕೆ ಮಾಡಿಸುವುದಾದರೆ ಮಾತು ಬೇರೆ. ಅಲ್ಲಿ ಬಿಗಿಯಾಗುವುದು ಎತ್ತರ. 3450 ಇದ್ದರೆ ಇಂಚಿಗೆ 216, 3650 ಇದ್ದರೆ 228. ಅಂಚಿನಲ್ಲಿರುವ ವಸ್ತುವನ್ನು ಕತ್ತರಿಸಬೇಕೋ ಅಳಿಸಬೇಕೋ ಎಂಬ ಪ್ರಶ್ನೆ ಬಂದಾಗ, ಆ ಬದಿ ಈ ಕಾಗದದ ಮಟ್ಟಿಗೆ ಬಿಗಿಯಾಗಿರುವ ಬದಿಯೇ ಎಂದು ಮೊದಲು ನೋಡಿ. ನಿಮ್ಮಲ್ಲಿ ಬಿಗಿಯಾಗಿರುವುದು ಎಡಬದಿ. ಪಿಕ್ಸೆಲ್ ಉಳಿಸಬೇಕೆಂದರೆ ಅಳಿಸಬೇಕಾದದ್ದು ಸ್ಪೀಕರ್ ಪೆಟ್ಟಿಗೆ. ಆದರೆ ಅದರ ಹಿಂದೆ ಪರದೆಯ ಮಡಿಕೆ, ಕಂಬ ಎಲ್ಲ ಬಂದಿರುತ್ತದೆ, ಅಳಿಸಿದ ಗುರುತು ಕಾಣದಂತೆ ಮಾಡುವುದು ಸುಲಭವಲ್ಲ. 283 ಬಂದಿರುವಾಗ ಅದಕ್ಕೆ ಕೈಹಾಕದಿರುವುದೇ ಮೇಲು.

ಇನ್ನೊಂದು ಮಾತು. ನೆಟ್ಟಗೆ ಮಾಡುವ ಕೆಲಸವನ್ನು ಕತ್ತರಿಸುವ ಮೊದಲೇ ಮಾಡಿದ್ದು ಒಳ್ಳೆಯದಾಯಿತು. ಎರಡು ಡಿಗ್ರಿ ತಿರುಗಿಸಿದರೆ ಖಾಲಿ ಮೂಲೆಗಳು ಹೋಗಿ 6000×4000ದ ಚಿತ್ರ ಸುಮಾರು 5700×3800ಕ್ಕೆ ಇಳಿಯುತ್ತದೆ. ಅಂಚು ಕತ್ತರಿಸಿದ ಮೇಲೆ ತಿರುಗಿಸಿದ್ದರೆ ಅದೇ ನಷ್ಟ ಕಿರೀಟದ ತುದಿಯನ್ನೇ ನುಂಗುತ್ತಿತ್ತು.

ಕಿರೀಟದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಇಂಚಿಗೆ 283 ಎಂದರೆ 90 ಪಿಕ್ಸೆಲ್ ಕಾಗದದ ಮೇಲೆ 8 ಮಿಲಿಮೀಟರ್. ಲ್ಯಾಬಿನಲ್ಲಿ ಕಾಗದ ಕತ್ತರಿಸುವಾಗ ಎರಡು ಮೂರು ಮಿಲಿಮೀಟರ್ ಅತ್ತಿತ್ತ ಆಗುತ್ತದೆ. ಗಾಜಿನ ಫ್ರೇಮ್ ಹಾಕಿದಾಗ ಪಟ್ಟಿಯ ತೋಡಿನೊಳಗೆ ಸುಮಾರು 5 ಮಿಲಿಮೀಟರ್ ಅಡಗುತ್ತದೆ. ಎರಡೂ ಸೇರಿದರೆ ಕಿರೀಟದ ತುದಿ ಫ್ರೇಮಿನ ಮರಕ್ಕೆ ತಾಗಿ ನಿಂತಂತೆ ಕಾಣುತ್ತದೆ. ಪರದೆಯ ಮೇಲೆ ನೋಡುವಾಗ ಈ ದೋಷ ಕಾಣುವುದೇ ಇಲ್ಲ, ಫ್ರೇಮಿನವರ ಅಂಗಡಿಯಿಂದ ತಂದ ಮೇಲೆ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆ ನಾನು ಸೂಚಿಸುವ ದಾರಿ ಎಂದರೆ ಬಿಳಿ ಅಂಚು. 12×18 ಕಾಗದದ ಮಧ್ಯದಲ್ಲಿ ಚಿತ್ರವನ್ನು 11×16.5 ಇಂಚಿಗೆ ಇಡಿ. ಮೇಲೆ ಕೆಳಗೆ ಅರ್ಧ ಇಂಚು, ಎಡ ಬಲಗಳಲ್ಲಿ ಮುಕ್ಕಾಲು ಇಂಚು ಬಿಳಿ ಉಳಿಯುತ್ತದೆ. ಕತ್ತರಿಯೂ ಫ್ರೇಮೂ ಆ ಬಿಳಿಯನ್ನು ಮಾತ್ರ ತಿನ್ನುತ್ತವೆ, ಕಿರೀಟಕ್ಕೆ ತಾಗುವುದಿಲ್ಲ. ಚಿತ್ರ ಕಿರಿದಾದ್ದರಿಂದ 5100ನ್ನು 16.5ರಿಂದ ಭಾಗಿಸಿದರೆ ಇಂಚಿಗೆ 309 ಬರುತ್ತದೆ. ನಿಮ್ಮ ಲ್ಯಾಬಿನವರು ಕೇಳಿದ 300 ಕೂಡ ಸಿಕ್ಕಂತಾಯಿತು. ಹೆಚ್ಚಾದ ಆ 50 ಪಿಕ್ಸೆಲನ್ನು ಮಾತ್ರ ತಪ್ಪದೆ ಕೆಳಗಿನಿಂದಲೇ ತೆಗೆಯಿರಿ, ಗೆಜ್ಜೆಯ ಕೆಳಗೆ ಅಷ್ಟು ಜಾಗವಿದೆಯೇ ಎಂದು ನೋಡಿಕೊಂಡು.

ಪುಸ್ತಕ ವಿನ್ಯಾಸಕ, ಬೆಂಗಳೂರು

ಲ್ಯಾಬಿನವರು 283 ಸಾಕು, 170 ಸಾಕು ಎನ್ನುವುದನ್ನು ಓದಿ ಸ್ವಲ್ಪ ಆತಂಕವಾಯಿತು. ಸ್ಮರಣ ಸಂಚಿಕೆಗಳಿಗೆ ಚಿತ್ರ ಕಳಿಸುವವರೂ ಈ ಗುಂಪಿನಲ್ಲಿದ್ದಾರೆ. ಆಫ್‌ಸೆಟ್ ಮುದ್ರಣದಲ್ಲಿ ಇಂಚಿಗೆ 150 ಗೆರೆಗಳ ಸ್ಕ್ರೀನ್ ಬಳಸುವಾಗ ಅದರ ಎರಡರಷ್ಟು, ಅಂದರೆ 300 ಪಿಕ್ಸೆಲ್ ಇರಬೇಕೆಂಬುದು ನಾವು ಪಾಲಿಸುವ ನಿಯಮ. ಓದುಗರು ಪುಸ್ತಕವನ್ನು ಕೈಯಲ್ಲಿ ಹಿಡಿದು ಒಂದು ಅಡಿ ದೂರದಲ್ಲಿ ನೋಡುತ್ತಾರೆ. ಹಾಗಾಗಿ 300ರ ಕೆಳಗಿನದನ್ನು ನಾನು ಹಿಂದಕ್ಕೆ ಕಳಿಸುತ್ತೇನೆ.

20×30ರ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಬೇರೆ. 170ರ ಫೈಲನ್ನು ಹಾಗೆಯೇ ಕೊಟ್ಟರೆ ಲ್ಯಾಬಿನ ಯಂತ್ರದ ತಂತ್ರಾಂಶ ಅದನ್ನು ತನ್ನ ಲೆಕ್ಕಕ್ಕೆ ತಾನೇ ಹಿಗ್ಗಿಸುತ್ತದೆ. ಹೇಗೆ ಹಿಗ್ಗಿಸಿತು ಎನ್ನುವುದು ನಮಗೆ ಕಾಣುವುದಿಲ್ಲ. ನಾವೇ 300ಕ್ಕೆ ಹಿಗ್ಗಿಸಿ, ಆ ಅಳತೆಯಲ್ಲಿಯೇ ಶಾರ್ಪನ್ ಮಾಡಿ ಕೊಟ್ಟರೆ ಹಿಡಿತ ನಮ್ಮ ಕೈಯಲ್ಲಿರುತ್ತದೆ.

ಮುದ್ರಣ ಲ್ಯಾಬ್ ನಡೆಸುವವರು, ಉಡುಪಿ

ಆಫ್‌ಸೆಟ್ ವಿಷಯದಲ್ಲಿ ನಿಮ್ಮ ನಿಯಮಕ್ಕೆ ನನ್ನ ತಕರಾರಿಲ್ಲ, ನಾನು ಹೇಳಿದ್ದು ಫೋಟೋ ಕಾಗದದ ಮುದ್ರಣಕ್ಕೆ. ಪುಸ್ತಕದ ಪುಟ ಚಿಕ್ಕದಾದ್ದರಿಂದ ನಿಮ್ಮ 300 ಈ ಚಿತ್ರಕ್ಕೆ ಹೇಗೂ ಸಿಗುತ್ತದೆ. 5100 ಪಿಕ್ಸೆಲ್ ಎಂದರೆ 300ರ ಲೆಕ್ಕದಲ್ಲಿ 17 ಇಂಚು.

ಹಿಗ್ಗಿಸುವ ಕೆಲಸವನ್ನು ಯಾರು ಮಾಡಬೇಕೆಂಬುದರಲ್ಲಿ ಮಾತ್ರ ನಾವಿಬ್ಬರೂ ಒಪ್ಪುವುದು ಕಷ್ಟ. ಮನೆಯಲ್ಲಿ ಹಿಗ್ಗಿಸಿ, ಅತಿಯಾಗಿ ಶಾರ್ಪನ್ ಮಾಡಿ ತಂದ ಫೈಲುಗಳಲ್ಲಿ ಕಿರೀಟದ ಸುತ್ತ ಬಿಳಿ ಗೆರೆ ಎದ್ದಿರುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ನಿಮ್ಮಂತೆ ಅಭ್ಯಾಸವಿದ್ದವರು ಮಾಡಿದರೆ ಸರಿ.

ಈಗ ಮೊದಲೇ ಹೇಳಿದ ಪರೀಕ್ಷೆಗೆ ಬರುತ್ತೇನೆ. ಪಿಕ್ಸೆಲ್ ಎಷ್ಟಿದೆ ಎನ್ನುವುದು ಒಂದು ವಿಷಯ, ಆ ಪಿಕ್ಸೆಲ್‌ಗಳಲ್ಲಿ ವಿವರ ಇದೆಯೇ ಎನ್ನುವುದು ಇನ್ನೊಂದು. ಆಟದ ರಾತ್ರಿ ಐಎಸ್‌ಒ 6400ಕ್ಕೆ ಏರಿಸಿ ತೆಗೆದಿದ್ದರೆ, ವೇಷ ಗಿರಕಿ ಹೊಡೆಯುವಾಗ ಶಟರ್ ವೇಗ ಸಾಲದೆ ಮುಖ ಒಂದಿಷ್ಟು ಅಲುಗಿದ್ದರೆ, 5100 ಪಿಕ್ಸೆಲ್‌ನಲ್ಲಿ ನಿಜವಾದ ವಿವರ ಅದರ ಅರ್ಧದಷ್ಟಿರಬಹುದು. ಪೂರ್ತಿ ಚಿತ್ರವನ್ನು ಪರದೆಗೆ ಹೊಂದಿಸಿ ನೋಡಿದರೆ ಇದು ತಿಳಿಯದು. ಶೇಕಡಾ 100ರಲ್ಲಿ ಕಣ್ಣಿನ ಭಾಗ ನೋಡಬೇಕು. ಅದಕ್ಕಿಂತಲೂ ನಂಬಬಹುದಾದದ್ದು ತುಂಡು ಮುದ್ರಣ. 20×30ರಲ್ಲಿ ಇಂಚಿಗೆ 170 ಆದ್ದರಿಂದ, ಮುಖದ ಸುತ್ತ 1020×680 ಪಿಕ್ಸೆಲ್‌ನ ತುಂಡನ್ನು ಮಾತ್ರ ಪ್ರತ್ಯೇಕ ಫೈಲಾಗಿ ಕತ್ತರಿಸಿ, ಅದನ್ನು ಸಾಮಾನ್ಯ 4×6 ಮುದ್ರಣ ಮಾಡಿಸಿ. ದೊಡ್ಡ ಮುದ್ರಣದಲ್ಲಿ ಆ ಭಾಗ ಯಾವ ಗಾತ್ರದಲ್ಲಿ, ಯಾವ ಸ್ಪಷ್ಟತೆಯಲ್ಲಿ ಬರುತ್ತದೋ ಅದು ನಿಮ್ಮ ಕೈಯಲ್ಲಿರುತ್ತದೆ. ಗೋಡೆಗೆ ಅಂಟಿಸಿ ಮೂರು ಅಡಿ ದೂರ ನಿಂತು ನೋಡಿ, ಆಮೇಲೆ ಹತ್ತಿರ ಹೋಗಿ ನೋಡಿ. ಬೆಂಗಳೂರಿನವರ ದಾರಿಯಲ್ಲಿ 300ಕ್ಕೆ ಹಿಗ್ಗಿಸಿದ ಅದೇ ಭಾಗದ ಇನ್ನೊಂದು ತುಂಡು, ಅಂದರೆ 1800×1200, ಅದನ್ನೂ ಪಕ್ಕದಲ್ಲಿ ಮುದ್ರಿಸಿಕೊಂಡರೆ ನಮ್ಮಿಬ್ಬರ ವಾದಕ್ಕೆ ನೀವೇ ತೀರ್ಪು ಕೊಡಬಹುದು.

ಪುಸ್ತಕ ವಿನ್ಯಾಸಕ, ಬೆಂಗಳೂರು

ತುಂಡು ಮುದ್ರಣಕ್ಕೆ ನನ್ನ ಒಪ್ಪಿಗೆಯಿದೆ. ಕ್ಲೋನ್ ಮಾಡುವ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಚಿತ್ರವನ್ನು ಮುಂದೆ ಸ್ಪರ್ಧೆಗೆ ಕಳಿಸುವ ಯೋಚನೆಯಿದ್ದರೆ, ಪತ್ರಿಕಾ ಛಾಯಾಗ್ರಹಣದಂಥ ವಿಭಾಗಗಳಲ್ಲಿ ಅಂಚು ಕತ್ತರಿಸಲು ಅವಕಾಶವಿರುತ್ತದೆ, ಚೌಕಟ್ಟಿನೊಳಗಿನ ವಸ್ತುವನ್ನು ಅಳಿಸಲು ಇರುವುದಿಲ್ಲ. ಮೊಬೈಲನ್ನು ಅಳಿಸಿದ ಪ್ರತಿಯನ್ನೂ ಅಳಿಸದ ಪ್ರತಿಯನ್ನೂ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು, ಬ್ರಹ್ಮಾವರ

Width 18 ಎಂದು ಹಾಕಿ ನೋಡಿದೆ, 283.333 ಎಂದೇ ಬಂತು. ಬಿಳಿ ಅಂಚಿನ ದಾರಿ ಹಿಡಿಯುತ್ತೇನೆ. ಒಂದು ಸಮಸ್ಯೆ ಉಳಿದಿದೆ. ಬಲಗಡೆಯ ಅಂಚಿನಲ್ಲಿ ಚಂಡೆಯವರ ಅರ್ಧ ಕೈ ಬಂದಿದೆ. ಅದನ್ನು ಕತ್ತರಿಸಿದರೆ ಇನ್ನೂ 300 ಪಿಕ್ಸೆಲ್ ಹೋಗುತ್ತದೆ. ಫೈಲನ್ನು ಲ್ಯಾಬಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದಲ್ಲವೇ?

ಸದಸ್ಯ, ಕುಂದಾಪುರ

ಚಂಡೆಯವರ ಕೈ ಇರಲಿ ಸರ್, ಆಟದ ಕಳೆಯೇ ಅದರಲ್ಲಿದೆ. ಅದನ್ನು ಅಡಚಣೆ ಎನ್ನಲು ನನಗೆ ಮನಸ್ಸಿಲ್ಲ.

ಮುದ್ರಣ ಲ್ಯಾಬ್ ನಡೆಸುವವರು, ಉಡುಪಿ

ನನಗಾದರೆ ಅರ್ಧಕ್ಕೆ ತುಂಡಾದ ಕೈ ಕಣ್ಣನ್ನು ಅಂಚಿಗೆ ಎಳೆಯುತ್ತದೆ, ನಾನು ಕತ್ತರಿಸುತ್ತಿದ್ದೆ. ಇದು ನಿಮ್ಮ ರುಚಿಗೆ ಬಿಟ್ಟದ್ದು, ಲೆಕ್ಕ ಮಾತ್ರ ಹೇಳುತ್ತೇನೆ. ಅಗಲ 4800ಕ್ಕೆ ಇಳಿದರೆ ಎತ್ತರವೂ 3200ಕ್ಕೆ ಇಳಿಯಬೇಕು, ಅಂದರೆ ಎತ್ತರದಲ್ಲಿ ಇನ್ನೂ 200 ಪಿಕ್ಸೆಲ್ ಹೋಗಬೇಕು. ಅದು ಗೆಜ್ಜೆಗೆ ತಾಗುತ್ತದೆಯೇ ನೋಡಿ. ತಾಗದಿದ್ದರೆ 11×16.5ಕ್ಕೆ ಇಂಚಿಗೆ 291 ಬರುತ್ತದೆ, ಧೈರ್ಯವಾಗಿ ಕತ್ತರಿಸಿ. ತಾಗುವುದಾದರೆ ಕೈ ಇರಲಿ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಬೇಡಿ, ಅದು ಪಿಕ್ಸೆಲ್‌ಗಳನ್ನು ತಾನೇ ಇಳಿಸಿಬಿಡುತ್ತದೆ, ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ಅಲ್ಲಿಗೆ ಮುಗಿಯುತ್ತದೆ. Document ಎಂದು ಆರಿಸಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ. ಕೊಟ್ಟ ಮೇಲೆ ಅವರ ಕಂಪ್ಯೂಟರಿನಲ್ಲಿ ಫೈಲು ತೆರೆಸಿ, ಬಿಳಿ ಅಂಚೂ ಸೇರಿ ಅಗಲ ಸುಮಾರು 5564 ಎಂದೋ, ಕೈ ಕತ್ತರಿಸಿದ್ದರೆ 5236 ಎಂದೋ ಇದೆಯೇ ಎಂದು ನೋಡಿಯೇ ಹಣ ಕೊಡಿ. ಬಿಳಿ ಅಂಚು ಇರುವ ಫೈಲಾದ್ದರಿಂದ ಯಂತ್ರದಲ್ಲಿ ಕಾಗದ ತುಂಬಿಸುವ ಆಯ್ಕೆ ಬೇಡ, ಇದ್ದ ಅಳತೆಯಲ್ಲಿಯೇ ಮುದ್ರಿಸಿ ಎಂದು ಬಾಯಿಬಿಟ್ಟು ಹೇಳಿ.